ಬೆಕ್ಕಿನ ಕಿವಿಗೆ ಎಷ್ಟು ಮಾತ್ರೆ?

‘ಪ್ರಸ್ತಾರ ಹಾಕಿ ಗಣ ವಿಂಗಡಿಸಿ’ ಎಂಬ ಪ್ರಶ್ನೆಗೆ ಸಾಲಿನ ನೆತ್ತಿಯ ಮೇಲೆ ಗೀಟು, ಅರ್ಧಚಂದ್ರ ಬರೆದು ಅಂಕ ಗಿಟ್ಟಿಸಿದವರು ನಾವು. ಅಲ್ಲಿ ಕತ್ತರಿಸುತ್ತಿದ್ದುದು ಬೇರೆಯವರ ಪದ್ಯವನ್ನು. ಹೋದ ಮಳೆಗಾಲದ ಒಂದು ಮಧ್ಯಾಹ್ನ ನಾನೇ ನಾಲ್ಕು ಸಾಲು ಹೊಸೆಯಲು ಕೂತೆ. ಹಿಡಿದದ್ದು ಮಂದಾನಿಲ ರಗಳೆ.

ಆಯ್ಕೆಗೆ ಕಾರಣ ಸೋಮಾರಿತನ. ರಗಳೆಗೆ ಇಷ್ಟೇ ಸಾಲು ಎಂಬ ಕಟ್ಟಿಲ್ಲ. ಹರಿಹರ ಶರಣರ ಕಥೆಗಳನ್ನು ಹೊಳೆಯಂತೆ ಹರಿಸಿದ್ದು ಇದರಲ್ಲೇ. ಮೂರು ಮಾತ್ರೆಯ ಗಣಗಳಾದರೆ ಉತ್ಸಾಹ, ನಾಲ್ಕಾದರೆ ಮಂದಾನಿಲ, ಐದಾದರೆ ಲಲಿತ. ಮಂದಾನಿಲದ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ.

ಲೆಕ್ಕ ಹಳೆಯದೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘವಾದರೆ ಗುರು, ಎರಡು. ಅನುಸ್ವಾರ, ವಿಸರ್ಗ ಕೂಡಿದ್ದೂ ಗುರು. ಒತ್ತಕ್ಷರದ ಹಿಂದಿನದೂ ಗುರು. ಎಡವುವುದು ಇಲ್ಲೇ. ‘ಬೆಕ್ಕು’ ಪದದಲ್ಲಿ ಒತ್ತು ಇರುವುದು ‘ಕ್ಕು’ವಿಗೆ, ಭಾರ ಬೀಳುವುದು ‘ಬೆ’ ಮೇಲೆ. ಹೊರೆ ಹೊತ್ತವನು ಒಬ್ಬ, ಬೆನ್ನು ಬಾಗುವುದು ಮುಂದೆ ನಿಂತವನದು.

ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ಬರೆದೆ: ‘ತಗಡಿನ ಮೇಲೆ ಮಳೆಯ ಹನಿಗಳ ಸದ್ದಿಗೆ’. ಕಿವಿಗೆ ಚೆನ್ನಾಗಿತ್ತು. ಬೆರಳು ಮಡಿಸಿದರೆ 18! ‘ಮಳೆಯ ಹನಿಗಳ’ ಎಂಬುದನ್ನು ‘ಮಳೆಹನಿ’ ಮಾಡಿದೆ, ಮೂರು ಮಾತ್ರೆ ಇಳಿಯಿತು. ‘ಮೇಲೆ’ಯನ್ನು ‘ಮೇಲಿನ’ ಮಾಡಿದಾಗ ಒಂದು ಏರಿತು. ಈಗ ಸರಿಯಾಗಿ 16:

ತಗಡಿನ | ಮೇಲಿನ | ಮಳೆಹನಿ | ಸದ್ದಿಗೆ
∪∪∪∪ | –∪∪ | ∪∪∪∪ | –∪∪

ನಡುವೆ ‘ಮಳೆಯ ಧ್ವನಿಗೆ’ ಎಂದೂ ಯೋಚಿಸಿದ್ದುಂಟು. ಪ್ರತಿ ಪದವನ್ನೂ ಬಿಡಿಯಾಗಿ ಎಣಿಸಿದಾಗ ಸಾಲು 14 ಅನ್ನಿಸಿತು. ಬಾಯಲ್ಲಿ ಹೇಳಿದರೆ ‘ಧ್ವ’ ಹಿಂದಿನ ಪದದ ‘ಯ’ವನ್ನು ಗುರು ಮಾಡುತ್ತದೆ, 15. ಸಾಲಿನ ಕೊನೆಯ ಲಘುವನ್ನು ಬೇಕಾದರೆ ಗುರುವಾಗಿ ಎಳೆಯಬಹುದೆಂಬ ಸವಲತ್ತು ಬಳಸಿದರೆ 16. ಲೆಕ್ಕಕ್ಕೆ ಪಾಸು. ಆದರೆ ತಗಡಿನ ಮೇಲೆ ಬೀಳುವುದು ಸದ್ದು, ಧ್ವನಿಯಲ್ಲ. ಬಿಟ್ಟೆ.

ಎರಡನೆಯ ಸಾಲಿಗೆ ಆದಿಪ್ರಾಸ ಬೇಕು. ಜೋಡಿ ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಮೊದಲಕ್ಷರದ ತೂಕವೂ ಒಂದೇ. ‘ತಗಡಿ’ಗೆ ‘ಜಗಲಿ’ ಸರಿಹೋಯಿತು. ‘ಬಾಗಿಲು’ ಆಗದು, ‘ಬಾ’ ಗುರು.

ಜಗಲಿಯಲ್ಲಿ ನಮ್ಮ ಬೆಕ್ಕಿತ್ತು. ‘ಜಗಲಿಯ ಬೆಕ್ಕು ಕಿವಿಯನೆತ್ತಿತು’ ಎಂದರೆ 14. ಎರಡು ಮಾತ್ರೆ ಕಡಿಮೆ ಬಿದ್ದಾಗ ಎಲ್ಲರಿಗೂ ಹೊಳೆಯುವ ಉಪಾಯ ನನಗೂ ಹೊಳೆಯಿತು, ಒಂದು ‘ತಾ’ ತುರುಕುವುದು. ‘ಜಗಲಿಯ ಬೆಕ್ಕು ತಾ ಕಿವಿಯನೆತ್ತಿತು’. ಮೊತ್ತ 16. ಆದರೂ ಸಾಲು ಕೆಟ್ಟಿದೆ. ‘ಬೆಕ್ಕು’ ಮೂರು ಮಾತ್ರೆ, ಗಣ ತುಂಬಲು ಇನ್ನೊಂದು ಸಾಕು. ಬಂದದ್ದು ಎರಡು ಮಾತ್ರೆಯ ‘ತಾ’. ಗಣದ ಗೆರೆ ಅದರ ನಡುವೆಯೇ ಹಾಯುತ್ತದೆ. ಪದವನ್ನು ಗಣಕ್ಕಾಗಿ ಸೀಳಬಹುದು, ಅಕ್ಷರವನ್ನು ಸೀಳಲಾಗದು. ಮೊಣಕಾಲಿಗೆ ತಾಳ ಹಾಕಿ ಓದಿದರೆ ಪೆಟ್ಟು ತಪ್ಪುವ ಜಾಗ ಥಟ್ಟನೆ ಗೊತ್ತಾಗುತ್ತದೆ.

ಜಗಲಿಯ | ಬೆಕ್ಕಿನ | ಕಿವಿಯೆರ | ಡೆದ್ದವು
∪∪∪∪ | –∪∪ | ∪∪∪∪ | –∪∪

ಇಲ್ಲಿ ‘ಕಿವಿಯೆರಡೆದ್ದವು’ ನಡುವೆ ಮುರಿದಿದೆ, ತೊಂದರೆಯಿಲ್ಲ. ‘ತಾ’ ಎಂಬ ದಂಡಪಿಂಡವೂ ತೊಲಗಿತು.

ಬೆಕ್ಕನ್ನು ನೋಡುತ್ತ ಕೂತದ್ದಕ್ಕೆ ದಂಡ ತೆತ್ತದ್ದು ಅಡುಗೆಮನೆ. ‘ಒಲೆಯಲಿ ಕಾಯುವ ಹಾಲನು ಮರೆತೆನು’ ಎಂಬ ಮೂರನೇ ಸಾಲು ಒಂದೇ ಏಟಿಗೆ ಬಂತು, ಅನುಭವದಿಂದ ಬಂದದ್ದಲ್ಲವೇ. ನಾಲ್ಕನೆಯದಕ್ಕೆ ‘ಒಲೆ’ಯ ಪ್ರಾಸಕ್ಕೆ ‘ನೆಲ’ ಸಿಕ್ಕಿತು. ‘ನೆಲದಲಿ ನಿಧಾನ ಬೆಕ್ಕೇ ನೆಕ್ಕಿತು’ ಎಂದು ಬರೆದೆ. ಮೊತ್ತ 16, ಗಣಗಳೂ ನಾಲ್ಕು ನಾಲ್ಕರಂತೆ ಕರಾರುವಾಕ್ಕು. ಆದರೂ ಓದುವಾಗ ಎರಡನೇ ಗಣದಲ್ಲಿ ಮುಗ್ಗರಿಸಿತು. ‘ನಿಧಾನ’ ಎಂದರೆ ಲಘು, ಗುರು, ಲಘು. ತಾಳದ ಪೆಟ್ಟು ಗಣದ ಮೊದಲಿಗೆ ಬೀಳಬೇಕು, ಭಾರ ಮಾತ್ರ ನಡುವಿನ ‘ಧಾ’ ಮೇಲೆ ಕೂತಿದೆ. ಮಾತ್ರಾಗಣ ಲಘು-ಗುರುವಿನಿಂದ ಶುರುವಾಗಬಾರದು ಎಂದು ಛಂದಸ್ಸು ಬಲ್ಲವರು ಹೇಳುವುದು ಇದಕ್ಕೇ. ಎಣಿಕೆಯಲ್ಲಿ ಸಿಗದ ತಪ್ಪು ಇದು, ಗಟ್ಟಿಯಾಗಿ ಓದಿದರೆ ಮಾತ್ರ ಸಿಗುತ್ತದೆ. ‘ನಿಧಾನ’ ತೆಗೆದು ‘ಹರಿದುದ’ ಇಟ್ಟೆ. ಸ್ವಲ್ಪ ಹಳೆಯ ರೂಪ, ನಾಲ್ಕೂ ಲಘು, ಹಾಲು ಹರಿದ ಹಾಗೆಯೇ ಜಾರುತ್ತದೆ. ಆಮೇಲೆ ಬರುವ ‘ಬೆಕ್ಕೇ’ ಎರಡು ಗುರು, ಅಲ್ಲಿ ಸಾಲು ಕಾಲೂರಿ ನಿಲ್ಲುತ್ತದೆ.

ತಗಡಿನ ಮೇಲಿನ ಮಳೆಹನಿ ಸದ್ದಿಗೆ
ಜಗಲಿಯ ಬೆಕ್ಕಿನ ಕಿವಿಯೆರಡೆದ್ದವು
ಒಲೆಯಲಿ ಕಾಯುವ ಹಾಲನು ಮರೆತೆನು
ನೆಲದಲಿ ಹರಿದುದ ಬೆಕ್ಕೇ ನೆಕ್ಕಿತು

ಮನೆಯಲ್ಲಿ ಓದಿ ತೋರಿಸಿದೆ. ಹಾಲು ಎಷ್ಟು ಲೀಟರ್ ಇತ್ತು ಎಂಬುದೊಂದೇ ಪ್ರಶ್ನೆ ಬಂತು.