ಚೀಲದಲ್ಲಿ ಚೆರ್ರಿ, ಕಾಗದದಲ್ಲಿ ಪಾರ್ಚ್‌ಮೆಂಟ್

ಕುಶಾಲನಗರದ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ ಇಟಲಿಗೆ ಕಾಫಿ ಹೊರಟಿದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಅಡಿಯ ಒಂದು ಕಂಟೇನರು, ಅದರಲ್ಲಿ 60 ಕಿಲೋದ 320 ಚೀಲ, ಒಟ್ಟು 19,200 ಕಿಲೋ ರೋಬಸ್ಟಾ ಚೆರ್ರಿ ಎಬಿ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಸಣ್ಣ ಹಡಗು ಹತ್ತಿ ಕೊಲಂಬೊಗೆ ಹೋಗಿ, ಅಲ್ಲಿ ದೊಡ್ಡ ಹಡಗಿಗೆ ಬದಲಾಗಿ ಜಿನೋವಾ ಸೇರಬೇಕು. ಪಣಂಬೂರಿನಿಂದ ಹಡಗು ಬಿಟ್ಟಿತು, ಶಿಪ್ಪಿಂಗ್ ಲೈನಿನ ಏಜೆಂಟರು ಬಿಲ್ ಆಫ್ ಲೇಡಿಂಗ್ ಕೊಟ್ಟರು. ಬ್ಯಾಂಕಿಗೆ ಕಳಿಸುವ ಮುನ್ನ ಇನ್‌ವಾಯ್ಸ್ ಪಕ್ಕಕ್ಕಿಟ್ಟು ನೋಡಿದರೆ ಎರಡು ಕಡೆ ತಾಳೆಯಿಲ್ಲ. ಇನ್‌ವಾಯ್ಸ್‌ನಲ್ಲಿ ಖರೀದಿದಾರರ ಹೆಸರಿನ ಕೊನೆಗೆ ಎಸ್.ಆರ್.ಎಲ್. ಎಂದಿದ್ದರೆ ಬಿ.ಎಲ್.ನ ಕನ್‌ಸೈನಿ ಕಾಲಮ್ಮಿನಲ್ಲಿ ಎಸ್.ಪಿ.ಎ. ಎಂದಿದೆ. ಇನ್‌ವಾಯ್ಸ್‌ನಲ್ಲಿ ರೋಬಸ್ಟಾ ಚೆರ್ರಿ, ಬಿ.ಎಲ್.ನಲ್ಲಿ ರೋಬಸ್ಟಾ ಪಾರ್ಚ್‌ಮೆಂಟ್.

ಮೂರಕ್ಷರದ ತಪ್ಪು ಎಂದು ಬಿಡುವಂತಿಲ್ಲ. ಇಟಲಿಯಲ್ಲಿ ಎಸ್.ಆರ್.ಎಲ್. ಮತ್ತು ಎಸ್.ಪಿ.ಎ. ಬೇರೆ ಬೇರೆ ಬಗೆಯ ಕಂಪನಿಗಳು. ಒಂದೇ ಮನೆತನದ ವ್ಯವಹಾರದಲ್ಲಿ ಎರಡೂ ಇರಬಹುದು. ಬಿ.ಎಲ್. ಬರೀ ರಸೀದಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಅದರ ಮೂಲ ಪ್ರತಿಯನ್ನು ಒಪ್ಪಿಸಿದವರಿಗೆ, ಅದೂ ಅದರಲ್ಲಿ ಹೆಸರಿದ್ದವರಿಗೆ, ಬಂದರಿನಲ್ಲಿ ಸರಕು ಸಿಗುವುದು. ಹಣ ಕೊಟ್ಟವನ ಕೈಯಲ್ಲಿ ಕಾಗದವಿದ್ದರೂ ಹೆಸರು ಇನ್ನೊಂದು ಕಂಪನಿಯದಾದರೆ ಡೆಲಿವರಿ ಏಜೆಂಟರು ಕಂಟೇನರ್ ಬಿಡುವುದಿಲ್ಲ. ಇತ್ಯರ್ಥವಾಗುವ ತನಕ ಬಂದರಿನ ಬಾಡಿಗೆ, ಕಂಟೇನರಿನ ಡೆಮರೇಜ್ ಓಡುತ್ತಲೇ ಇರುತ್ತದೆ.

ಚೆರ್ರಿ-ಪಾರ್ಚ್‌ಮೆಂಟ್ ವ್ಯತ್ಯಾಸ ಕಾಫಿ ಬೆಳೆಗಾರರಿಗೆ ಹೇಳಬೇಕಾದ್ದಲ್ಲ. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರ್ರಿ. ಪಲ್ಪರಿಗೆ ಹಾಕಿ, ತೊಳೆದು, ಒಳಸಿಪ್ಪೆಯೊಂದಿಗೆ ಒಣಗಿಸಿದರೆ ಪಾರ್ಚ್‌ಮೆಂಟ್. ಬೆಲೆ ಬೇರೆ, ರುಚಿ ಬೇರೆ. ತಮಾಷೆಯೆಂದರೆ ಕಸ್ಟಮ್ಸ್‌ನ ಆರಂಕಿಯ ಸಂಖ್ಯೆ ಎರಡಕ್ಕೂ ಒಂದೇ, 090111, ಅಂದರೆ ಹುರಿಯದ, ಕೆಫೀನ್ ತೆಗೆಯದ ಕಾಫಿ. ಹಾಗಾಗಿ ಆ ಸಂಖ್ಯೆಯನ್ನು ಮಾತ್ರ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ತಕರಾರು ಬರುವುದು ಬ್ಯಾಂಕಿನಿಂದ, ಇಲ್ಲವೇ ಚೌಕಾಸಿಗೆ ನೆಪ ಹುಡುಕುವ ಖರೀದಿದಾರನಿಂದ.

ಹಾಗೆಂದು ಎಲ್ಲ ವ್ಯತ್ಯಾಸಕ್ಕೂ ಗಾಬರಿಯಾಗಬೇಕಿಲ್ಲ. ಲೆಟರ್ ಆಫ್ ಕ್ರೆಡಿಟ್ ವ್ಯವಹಾರದಲ್ಲಿ ಬ್ಯಾಂಕುಗಳು ಅನುಸರಿಸುವ ಯು.ಸಿ.ಪಿ. 600 ನಿಯಮಗಳ ಪ್ರಕಾರ, ಸರಕಿನ ವಿವರಣೆ ಎಲ್.ಸಿ.ಗೆ ಸರಿಹೊಂದಬೇಕಾದದ್ದು ಇನ್‌ವಾಯ್ಸ್‌ನಲ್ಲಿ. ಬಿ.ಎಲ್.ನಲ್ಲಿ ಸಾಮಾನ್ಯ ಮಾತಿನ ವಿವರಣೆ ಸಾಕು, ಅದು ವಿರುದ್ಧವಾಗಿರಬಾರದು ಅಷ್ಟೆ. ಬಿ.ಎಲ್.ನಲ್ಲಿ ‘ಹಸಿರು ಕಾಫಿ ಬೀಜ’ ಎಂದಷ್ಟೇ ಇದ್ದಿದ್ದರೆ ನಾನಂತೂ ತಿದ್ದಿಸಲು ಹೋಗುತ್ತಿರಲಿಲ್ಲ. ‘ಪಾರ್ಚ್‌ಮೆಂಟ್’ ಎಂದಿರುವುದು ಚೆರ್ರಿಗೆ ನೇರ ವಿರುದ್ಧ. ಇದನ್ನು ತಿದ್ದಿಸಲೇಬೇಕು.

ತಿದ್ದಿಸುವ ಮೊದಲು ಇನ್ನೊಂದು ಪ್ರಶ್ನೆ: ತಪ್ಪಿರುವುದು ಬಿ.ಎಲ್.ನಲ್ಲೋ, ಇನ್‌ವಾಯ್ಸ್‌ನಲ್ಲೋ? ಕಂಟೇನರಿನೊಳಗೆ ನಿಜವಾಗಿ ಏನಿದೆ ಎನ್ನುವುದೇ ಇದಕ್ಕೆ ಉತ್ತರ. ರಫ್ತಿನ ಕಾಫಿ ಚೀಲದ ಮೇಲೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತು ಇರುತ್ತದೆ. ಮೊದಲು ದೇಶದ ಸಂಖ್ಯೆ, ಭಾರತಕ್ಕೆ 14. ಆಮೇಲೆ ರಫ್ತುದಾರರ ಸಂಖ್ಯೆ. ಕೊನೆಗೆ ಆ ಲಾಟಿನ ಸಂಖ್ಯೆ. ಆ ಲಾಟಿನ ದಾಖಲೆ, ಕಾಫಿ ಬೋರ್ಡ್ ಕೊಟ್ಟ ಮೂಲ ಪ್ರಮಾಣಪತ್ರ, ಕಸ್ಟಮ್ಸ್‌ನ ಶಿಪ್ಪಿಂಗ್ ಬಿಲ್ ಮೂರೂ ಚೆರ್ರಿ ಎನ್ನುತ್ತಿದ್ದರೆ ಇನ್‌ವಾಯ್ಸ್ ಸರಿ. ಬಿ.ಎಲ್.ಗೆ ಹೊಂದುವಂತೆ ಇನ್‌ವಾಯ್ಸನ್ನೇ ಬದಲಿಸುವ ಸುಲಭದ ದಾರಿಯನ್ನು ಕೆಲವರು ಹಿಡಿಯುತ್ತಾರೆ. ಆಗ ಇನ್‌ವಾಯ್ಸ್ ಶಿಪ್ಪಿಂಗ್ ಬಿಲ್ಲಿಗೆ ಹೊಂದುವುದಿಲ್ಲ, ಒಂದು ತಪ್ಪು ಎರಡಾಗುತ್ತದೆ. ಶಿಪ್ಪಿಂಗ್ ಬಿಲ್ಲಿನಲ್ಲೇ ತಪ್ಪಿದ್ದರೆ ಮಾತ್ರ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ನಿನಡಿ ಅದನ್ನು ಮೊದಲು ತಿದ್ದಿಸಿಕೊಂಡು ಬರಬೇಕಾಗುತ್ತದೆ.

ಮುಂದಿನದು ಮನವಿ ಯಾರಿಗೆ ಎಂಬುದು. ಕೈಯಲ್ಲಿರುವುದು ಫಾರ್ವರ್ಡರ್ ಕೊಟ್ಟ ಹೌಸ್ ಬಿ.ಎಲ್. ಆಗಿದ್ದರೆ ತಿದ್ದಬೇಕಾದವರು ಫಾರ್ವರ್ಡರ್. ಹಡಗು ಕಂಪನಿಯ ಮಾಸ್ಟರ್ ಬಿ.ಎಲ್.ನಲ್ಲಿ ಸಾಮಾನ್ಯವಾಗಿ ಜಿನೋವಾದ ಫಾರ್ವರ್ಡರ್ ಏಜೆಂಟರ ಹೆಸರೇ ಕನ್‌ಸೈನಿಯಾಗಿರುತ್ತದೆ, ಅಲ್ಲಿ ಹೆಸರು ಮುಟ್ಟುವ ಅಗತ್ಯವಿಲ್ಲ. ಸರಕಿನ ವಿವರಣೆ ಮಾತ್ರ ಎರಡರಲ್ಲೂ ಸರಿಯಾಗಬೇಕು. ನಮ್ಮ ಉದಾಹರಣೆಯಲ್ಲಿ ಇರುವುದು ಹಡಗು ಕಂಪನಿಯೇ ಕೊಟ್ಟ ಬಿ.ಎಲ್., ಆದ್ದರಿಂದ ಮನವಿ ಅದರ ಮಂಗಳೂರಿನ ಏಜೆಂಟರಿಗೆ.

ತಪ್ಪು ಯಾರದೆಂದು ತಿಳಿಯಲು ನಾವು ಕಳಿಸಿದ ಶಿಪ್ಪಿಂಗ್ ಇನ್‌ಸ್ಟ್ರಕ್ಷನ್ ತೆಗೆದು ನೋಡಬೇಕು. ಹಿಂದಿನ ಸಾಗಣೆಯ ಫೈಲಿನ ಮೇಲೇ ಹೊಸದನ್ನು ಟೈಪ್ ಮಾಡಿ, ಹಳೆಯ ಎರಡು ಸಾಲು ಹಾಗೇ ಉಳಿದುಬಿಡುವುದು ಇಂಥ ಪ್ರಸಂಗಗಳಲ್ಲಿ ಪದೇ ಪದೇ ಕಾಣುವ ಕಾರಣ. ಹಾಗಾಗಿದ್ದರೆ ತಿದ್ದುಪಡಿ ಶುಲ್ಕ ನಮ್ಮದು. ಇನ್‌ಸ್ಟ್ರಕ್ಷನ್ ಸರಿಯಿದ್ದು ಟೈಪಿಸುವಾಗ ಅವರು ತಪ್ಪಿದ್ದರೆ ಅದರ ಪ್ರತಿಯನ್ನೇ ಲಗತ್ತಿಸಿ ಶುಲ್ಕವಿಲ್ಲದೆ ತಿದ್ದಿಕೊಡಿ ಎಂದು ಕೇಳಬಹುದು.

ಮನವಿ ಪತ್ರ ಉದ್ದವಿರಬೇಕಿಲ್ಲ. ಬಿ.ಎಲ್. ಸಂಖ್ಯೆ, ಹಡಗು ಮತ್ತು ವಾಯೇಜ್, ಕಂಟೇನರ್ ಮತ್ತು ಸೀಲ್ ಸಂಖ್ಯೆ ಮೇಲ್ಗಡೆ. ಕೆಳಗೆ ‘ಈಗಿರುವುದು ಹೀಗೆ, ಇರಬೇಕಾದದ್ದು ಹೀಗೆ’ ಎಂದು ಎರಡು ಸಾಲನ್ನೂ ಚುಕ್ಕಿ, ಸ್ಪೇಸ್ ಸಮೇತ ಪೂರ್ತಿ ಬರೆಯಬೇಕು. ‘ಕನ್‌ಸೈನಿ ಹೆಸರು ಸರಿಪಡಿಸಿ’ ಎಂದಷ್ಟೇ ಬರೆದರೆ ಇನ್ನೊಂದು ತಪ್ಪು ಬಂದು ಕೂರುತ್ತದೆ. ಉಳಿದ ವಿವರ, ಮುಖ್ಯವಾಗಿ ಸರಕು ಹಡಗಿಗೇರಿದ ದಿನಾಂಕ, ಬದಲಾಗಬಾರದು ಎಂದೂ ಸೇರಿಸಬೇಕು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್ ಪ್ರತಿಗಳು ಜೊತೆಗಿರಲಿ.

ಇದರ ಜೊತೆ ಮೂಲ ಪ್ರತಿಗಳನ್ನೂ ಒಪ್ಪಿಸಬೇಕು. ಸಾಮಾನ್ಯವಾಗಿ ಮೂರಿರುತ್ತವೆ, ಮೂರೂ ವಾಪಸು ಹೋಗಬೇಕು. ಅವುಗಳನ್ನು ರದ್ದು ಮಾಡಿದ ಮೇಲೆಯೇ ಹೊಸ ಸೆಟ್ಟು. ಏಜೆಂಟರು ಈ ವಿಷಯದಲ್ಲಿ ಬಗ್ಗುವುದಿಲ್ಲ, ಅದಕ್ಕೆ ಕಾರಣವೂ ಇದೆ. ಒಂದೇ ಕಂಟೇನರಿಗೆ ಎರಡು ಹೆಸರಿನ ಎರಡು ಮೂಲ ಪ್ರತಿ ಓಡಾಡಿದರೆ ತಪ್ಪು ಕೈಗೆ ಸರಕು ಕೊಟ್ಟ ಹೊಣೆ ಹಡಗು ಕಂಪನಿಯ ತಲೆಗೆ. ವಿವರಣೆಯ ತಿದ್ದುಪಡಿಗೆ ಅವರು ಅಷ್ಟು ತಡೆಯುವುದಿಲ್ಲ. ಸೀಲ್ ಹಾಕಿದ ಕಂಟೇನರಿನೊಳಗೆ ಏನಿದೆಯೆಂದು ಅವರು ನೋಡಿರುವುದಿಲ್ಲ, ಬಿ.ಎಲ್.ನಲ್ಲೂ ಅದು ರಫ್ತುದಾರ ಹೇಳಿದ್ದು ಎಂದೇ ನಮೂದಿಸಿರುತ್ತಾರೆ.

ಇಷ್ಟಕ್ಕೂ ಕೈಯಲ್ಲಿ ಎಷ್ಟು ಸಮಯವಿದೆ? ಇಲ್ಲಿ ಗಡಿ ಜಿನೋವಾ ಅಲ್ಲ, ಕೊಲಂಬೊ. ಯುರೋಪಿಗೆ ಹೋಗುವ ಹಡಗಿಗೆ ಕಂಟೇನರ್ ಏರಿಸಲು ಶುರುಮಾಡುವ 24 ಗಂಟೆ ಮೊದಲೇ ಸರಕಿನ ಮತ್ತು ಕನ್‌ಸೈನಿಯ ವಿವರ ಯುರೋಪಿಯನ್ ಒಕ್ಕೂಟದ ಕಸ್ಟಮ್ಸ್‌ಗೆ ಸಲ್ಲಿಕೆಯಾಗಬೇಕು. ಅದಕ್ಕಿಂತ ಮುಂಚೆ ತಿದ್ದಿಸಿದರೆ ಸರಿಯಾದ ವಿವರವೇ ಹೋಗುತ್ತದೆ. ಆಮೇಲಾದರೆ ಆ ಸಲ್ಲಿಕೆಗೂ ತಿದ್ದುಪಡಿ, ಅದಕ್ಕೆ ಬೇರೆ ಶುಲ್ಕ. ಎಲ್.ಸಿ. ಇದ್ದವರಿಗೆ ಇನ್ನೊಂದು ಗಡುವು: ಸರಕು ಸಾಗಿಸಿದ 21 ದಿನದೊಳಗೆ, ಎಲ್.ಸಿ.ಯಲ್ಲಿ ಇನ್ನೂ ಕಡಿಮೆ ಎಂದಿದ್ದರೆ ಅಷ್ಟರೊಳಗೆ, ಕಾಗದಪತ್ರ ಬ್ಯಾಂಕಿನಲ್ಲಿರಬೇಕು.

ಹೊಸ ಸೆಟ್ಟು ಬಂದಾಗ ಮೂರು ಪ್ರತಿಯನ್ನೂ ಬಿಡಿಬಿಡಿಯಾಗಿ ಓದಬೇಕು. ಕಾಗದ ಸರಿಯಾಗಿ ಹಡಗಿನ ಮ್ಯಾನಿಫೆಸ್ಟ್ ಹಳೆಯದೇ ಉಳಿಯುವುದೂ ಉಂಟು. ಕಾಗದದ ತಿದ್ದುಪಡಿಯೇ ಬೇರೆ, ಕಂಪ್ಯೂಟರಿನ ಮ್ಯಾನಿಫೆಸ್ಟೇ ಬೇರೆ. ಮ್ಯಾನಿಫೆಸ್ಟ್ ತಿದ್ದಿದ್ದಕ್ಕೆ ಏಜೆಂಟರಿಂದ ಲಿಖಿತ ಖಾತರಿ ಪಡೆಯಬೇಕು. ಜಿನೋವಾದಲ್ಲಿ ಹೊರಡುವ ಅರೈವಲ್ ನೋಟಿಸ್ ಯಾವ ಹೆಸರಿನಲ್ಲಿದೆ ಎಂದು ಖರೀದಿದಾರರನ್ನು ಕೇಳಿದರೆ ನಿಜಸ್ಥಿತಿ ಗೊತ್ತಾಗುತ್ತದೆ.

ಮೂಲ ಪ್ರತಿಗಳು ಆಗಲೇ ಇಟಲಿಯ ಬ್ಯಾಂಕಿಗೆ ಹೋಗಿದ್ದರೆ? ನಮ್ಮ ಬ್ಯಾಂಕಿನ ಮೂಲಕ ತರಿಸಿಕೊಳ್ಳಬೇಕು, ಇಲ್ಲವೇ ಹಡಗು ಕಂಪನಿ ಒಪ್ಪಿದರೆ ಅವರ ಜಿನೋವಾ ಕಚೇರಿಯಲ್ಲೇ ಮೂರನ್ನೂ ಒಪ್ಪಿಸಿ ಅಲ್ಲೇ ಹೊಸದನ್ನು ಪಡೆಯಬೇಕು. ಕಂಟೇನರ್ ಅಷ್ಟರಲ್ಲಿ ಬಂದಿಳಿದಿದ್ದರೆ, ಈ ಸರಕಿನ ಮೇಲೆ ನಮಗೆ ಹಕ್ಕಿಲ್ಲ ಎಂದು ಆ ಎಸ್.ಪಿ.ಎ. ಕಂಪನಿಯಿಂದ ಪತ್ರ ತನ್ನಿ ಎಂದೂ ಕೇಳಬಹುದು. ಆ ಪತ್ರ ಬರೆಯಲು ಆ ಕಂಪನಿಗೆ ಯಾವ ಅವಸರವೂ ಇರುವುದಿಲ್ಲ.