ಮೆಟ್ಟಿಲ ಮೇಲಿನ ಮೇಣದ ಹೆಂಗಸು

ಮೇಣದ ಬೊಂಬೆಗಳ ಪ್ರದರ್ಶನಾಲಯವೊಂದರಲ್ಲಿ ಅಡ್ಡಾಡುವಾಗ ಮೆಟ್ಟಿಲ ಮೇಲೆ ಒಬ್ಬ ಅಪರಿಚಿತ ಹೆಂಗಸು ನಿಂತಿರುವುದು ಕಾಣುತ್ತದೆ. ನಮ್ಮ ಗುರುತು ಇರುವವಳ ಹಾಗೆ ಸ್ನೇಹದಿಂದ ಕೈ ಬೀಸುತ್ತಿದ್ದಾಳೆ. ಯಾರಿರಬಹುದು ಎಂದು ಒಂದು ಕ್ಷಣ ತಡವರಿಸುತ್ತೇವೆ. ಮರುಕ್ಷಣ ಗೊತ್ತಾಗುತ್ತದೆ: ಅದೂ ಒಂದು ಮೇಣದ ಬೊಂಬೆ.

ಜರ್ಮನ್ ದಾರ್ಶನಿಕ ಎಡ್ಮಂಡ್ ಹುಸ್ಸರ್ಲ್ ‘ತಾರ್ಕಿಕ ಶೋಧನೆಗಳು’ ಎಂಬ ತನ್ನ ಗ್ರಂಥದ 1901ರ ಸಂಪುಟದಲ್ಲಿ ಕೊಟ್ಟ ಉದಾಹರಣೆ ಇದು. ಅರಿವು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿವಿನ ಒಳಗಿನಿಂದಲೇ ವಿವರಿಸುವ ಫಿನಾಮಿನಾಲಜಿ ಎಂಬ ತತ್ತ್ವಶಾಸ್ತ್ರ ಮಾರ್ಗಕ್ಕೆ ಆ ಗ್ರಂಥ ಬುನಾದಿ ಹಾಕಿತು. ಮುಂದೆ 1913ರಲ್ಲಿ ಬಂದ ‘ಇಡೇನ್’ ಗ್ರಂಥದಲ್ಲಿ ಹುಸ್ಸರ್ಲ್ ಈ ಮಾರ್ಗಕ್ಕೆ ಒಂದು ವಿಧಾನವನ್ನೂ ಕೊಟ್ಟ. ಲೋಕ ಇದೆ ಎಂಬ ನಮ್ಮ ನಂಬಿಕೆಯನ್ನು ಆವರಣ ಚಿಹ್ನೆಯೊಳಗೆ ಇಡುವುದೇ ಆ ವಿಧಾನ. ಅದನ್ನು ಮೆಟ್ಟಿಲ ಮೇಲಿನ ಹೆಂಗಸಿನ ಪ್ರಸಂಗಕ್ಕೆ ಹಂತಹಂತವಾಗಿ ಅನ್ವಯಿಸಿ ನೋಡಿದರೆ, ಏನು ಮಾಡಬೇಕು, ಮಾಡಿದರೆ ಏನು ಕಾಣುತ್ತದೆ ಎಂಬುದು ತಿಳಿಯುತ್ತದೆ.

ಮೊದಲು ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ಗುರುತಿಸಬೇಕು. ಹೆಂಗಸೆಂದುಕೊಂಡದ್ದು ಬೊಂಬೆ ಎಂದು ಗೊತ್ತಾದಾಗ ನಮ್ಮ ಒಂದು ನಂಬಿಕೆ ಬಿದ್ದುಹೋಯಿತು. ಆದರೆ ಅದು ಬಿದ್ದ ಜಾಗ ಖಾಲಿ ಉಳಿಯಲಿಲ್ಲ. ಹೆಂಗಸು ಹೋಗಿ ಬೊಂಬೆ ಬಂತು. ಮೆಟ್ಟಿಲು, ಗೋಡೆ, ಪಕ್ಕದಲ್ಲಿ ನಡೆದುಹೋಗುವ ಜನ, ಹೊರಗಿನ ಬೀದಿ ಎಲ್ಲವೂ ಇದ್ದ ಹಾಗೇ ಇವೆ. ಒಂದು ವಸ್ತುವಿನ ವಿಚಾರದಲ್ಲಿ ತಪ್ಪಿದ್ದನ್ನು ಉಳಿದ ಲೋಕದ ಮೇಲೆ ಭಾರ ಹಾಕಿಯೇ ತಿದ್ದಿಕೊಂಡೆವು. ಹೀಗೆ ಪ್ರತಿ ತಪ್ಪು, ಪ್ರತಿ ಸಂದೇಹ, ಪ್ರತಿ ತಿದ್ದುಪಡಿಯ ಕೆಳಗೂ ಲೋಕ ಇದೆ, ನಾನು ಅದರಲ್ಲಿದ್ದೇನೆ ಎಂಬ ಒಪ್ಪಿಗೆ ಮಾತಿಗೆ ಬಾರದೆ ನೆಲೆಸಿರುತ್ತದೆ. ಅದನ್ನು ನಾವು ಎಂದೂ ತೀರ್ಮಾನಿಸಿದ್ದಲ್ಲ, ವಾದಿಸಿ ಗೆದ್ದದ್ದೂ ಅಲ್ಲ. ಹುಸ್ಸರ್ಲ್ ಇದನ್ನು ಸಹಜ ನಿಲುವು ಎಂದು ಕರೆದ. ಅಡುಗೆ ಮಾಡುವವರೂ ಕೋರ್ಟಿನಲ್ಲಿ ವಾದಿಸುವವರೂ ಈ ನಿಲುವಿನಲ್ಲೇ ಇರುತ್ತಾರೆ. ವಿಜ್ಞಾನಿಯೂ ಅಷ್ಟೆ, ಅಳೆಯಬೇಕಾದ ವಸ್ತು ಅಲ್ಲಿದೆ ಎಂದುಕೊಂಡೇ ಅವನು ಅಳತೆಗೆ ತೊಡಗುತ್ತಾನೆ.

ಎರಡನೆಯ ಹಂತ, ಆವರಣದಲ್ಲಿಡುವುದು. ಹುಸ್ಸರ್ಲ್ ಮೊದಲು ಗಣಿತದ ವಿದ್ಯಾರ್ಥಿ. 1883ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದದ್ದೂ ಗಣಿತದಲ್ಲೇ. ಆವರಣದೊಳಗೆ ಇಟ್ಟದ್ದು ಅಳಿಸಿಹೋಗುವುದಿಲ್ಲ, ಅಲ್ಲೇ ಕಣ್ಣೆದುರು ಇರುತ್ತದೆ. ಲೋಕದ ಮೇಲಿನ ನಂಬಿಕೆಯ ವಿಚಾರದಲ್ಲೂ ಹೀಗೆಯೇ. ಹೆಂಗಸು ಇದ್ದಾಳೆ ಎಂಬ ನಂಬಿಕೆ ಆ ಕ್ಷಣದಲ್ಲಿ ಇತ್ತು, ಅದು ಇತ್ತು ಎಂದೇ ಬರೆದುಕೊಳ್ಳುತ್ತೇವೆ. ಆದರೆ ಅದನ್ನು ಆಧಾರವಾಗಿಟ್ಟುಕೊಂಡು ಮುಂದಿನ ಒಂದು ಮಾತನ್ನೂ ಆಡುವುದಿಲ್ಲ. ಅವಳು ನಿಜಕ್ಕೂ ಇಲ್ಲ ಎಂಬುದನ್ನೂ ಆಧಾರ ಮಾಡಿಕೊಳ್ಳುವುದಿಲ್ಲ. ಬೊಂಬೆ ಇದೆ ಎಂಬುದಕ್ಕೂ ಇದೇ ನಿಯಮ. ಕಣ್ಣಿಗೆ ಬಿದ್ದ ಬೆಳಕು, ಮಿದುಳಿನ ನರಗಳು, ಮೇಣದ ರಾಸಾಯನಿಕ ಗುಣ ಇವೆಲ್ಲ ಸರಿಯಾದ ಜ್ಞಾನವೇ ಆಗಿರಬಹುದು. ಆದರೂ ಅವು ಆವರಣದೊಳಗೇ ಇರಬೇಕು. ಏಕೆಂದರೆ ಬೆಳಕು, ನರಗಳ ವಿಚಾರ ನಮಗೆ ತಿಳಿದದ್ದೂ ನೋಡಿ, ಪರೀಕ್ಷಿಸಿ, ನಂಬಿ. ನೋಡುವುದೆಂದರೆ ಏನು ಎಂದು ಕೇಳುವಾಗ, ನೋಡಿ ಪಡೆದ ಫಲವನ್ನೇ ಉತ್ತರವಾಗಿ ಇಡಲಾಗುವುದಿಲ್ಲ.

ಈ ತಡೆಹಿಡಿಯುವಿಕೆಗೆ ಹುಸ್ಸರ್ಲ್ ಎಪೊಖೆ ಎಂಬ ಹೆಸರನ್ನು ಪ್ರಾಚೀನ ಗ್ರೀಸಿನ ಸಂಶಯವಾದಿಗಳಿಂದ ತೆಗೆದುಕೊಂಡ. ಆದರೆ ಇದು ಸಂಶಯವಲ್ಲ. ಸಂಶಯ ಪಡುವವನ ನಂಬಿಕೆ ಅಲುಗಾಡಿರುತ್ತದೆ. ಇಲ್ಲಿ ನಂಬಿಕೆ ಅಲುಗಾಡಬೇಕಾಗಿಲ್ಲ. ಅದ್ವೈತದ ಪರಿಚಯವಿರುವ ನಮ್ಮ ಓದುಗರಿಗೆ ಇಲ್ಲಿ ಹಗ್ಗ ಮತ್ತು ಹಾವಿನ ದೃಷ್ಟಾಂತ ನೆನಪಾಗುವುದು ಸಹಜ. ಬೊಂಬೆ ಮತ್ತು ಹೆಂಗಸಿನ ಕಥೆ ಮೇಲ್ನೋಟಕ್ಕೆ ಅದರಂತೆಯೇ ಇದೆ. ಆದರೆ ಅದ್ವೈತಿ ಆ ದೃಷ್ಟಾಂತದಿಂದ ಜಗತ್ತಿನ ಸತ್ಯತೆಯ ಬಗ್ಗೆ ಒಂದು ತೀರ್ಪಿನತ್ತ ಹೋಗುತ್ತಾನೆ. ಎಪೊಖೆ ಅಂಥ ತೀರ್ಪನ್ನೇ ತಡೆಹಿಡಿಯುತ್ತದೆ.

ಇನ್ನು ಮೂರನೆಯ ಹಂತ. ಇಷ್ಟೆಲ್ಲ ಆವರಣದೊಳಗೆ ಹೋದ ಮೇಲೆ ವಿವರಿಸಲು ಏನು ಉಳಿಯಿತು? ನೋಡಿದ್ದು ಪೂರ್ತಿಯಾಗಿ ಉಳಿದಿದೆ. ಆ ಮೊದಲ ಕ್ಷಣದಲ್ಲಿ ನಮಗೆ ಕಂಡದ್ದು ಬಣ್ಣದ ತೇಪೆಗಳಲ್ಲ, ಒಬ್ಬ ಹೆಂಗಸು. ಕಣ್ಣಿಗೆ ಬಿದ್ದದ್ದು ಅವಳ ಮುಂಭಾಗ ಮಾತ್ರ. ಆದರೂ ಅರ್ಧ ಹೆಂಗಸನ್ನು ಕಂಡೆವು ಎಂದು ಯಾರೂ ಹೇಳುವುದಿಲ್ಲ. ಕಾಣದ ಬೆನ್ನೂ ಆ ಕಾಣುವಿಕೆಯಲ್ಲೇ ಸೇರಿತ್ತು. ಅವಳು ತಿರುಗಬಹುದು, ಮಾತಾಡಬಹುದು, ಮೆಟ್ಟಿಲಿಳಿದು ಬರಬಹುದು ಎಂಬ ನಿರೀಕ್ಷೆಯೂ ಸೇರಿತ್ತು. ಈ ನಿರೀಕ್ಷೆಗಳ ಸುತ್ತುಗೆರೆಯನ್ನು ಹುಸ್ಸರ್ಲ್ ದಿಗಂತ ಎಂದ.

ಈಗ ಎರಡನೆಯ ಕ್ಷಣಕ್ಕೆ ಬನ್ನಿ. ಅದೇ ಬಣ್ಣ, ಅದೇ ಆಕಾರ, ಅದೇ ಬೀಸುವ ಭಂಗಿಯ ಕೈ. ಆದರೆ ಕಾಣುತ್ತಿರುವುದು ಬೊಂಬೆ. ಅದರ ದಿಗಂತ ಬೇರೆ: ಅದು ತಿರುಗಲಾರದು, ಮುಟ್ಟಿದರೆ ಬೆಚ್ಚಗಿರಲಾರದು. ಇಂದ್ರಿಯಗಳಿಗೆ ಸಿಕ್ಕ ಸಾಮಗ್ರಿ ಬದಲಾಗದೆಯೇ ಕಂಡ ವಸ್ತು ಬದಲಾಯಿತು. ಇವೆರಡರ ನಡುವೆ ಹೆಂಗಸೋ ಬೊಂಬೆಯೋ ಎಂದು ತೊನೆದಾಡಿದ ಒಂದು ಗಳಿಗೆ ಇದ್ದಿರಬಹುದು. ಆಗ ಎರಡು ಗ್ರಹಿಕೆಗಳು ಒಂದೇ ಸಾಮಗ್ರಿಗಾಗಿ ಪೈಪೋಟಿ ನಡೆಸುತ್ತಿದ್ದವು. ಎರಡೂ ಒಟ್ಟಿಗೆ ಗೆಲ್ಲಲಾರವು.

ಇದರಿಂದ ಅರಿವಿನ ರಚನೆ ಹೊರಬೀಳುತ್ತದೆ. ಅರಿವು ಯಾವಾಗಲೂ ಯಾವುದೋ ಒಂದರ ಅರಿವು. ನೋಡಿದರೆ ಏನನ್ನೋ ನೋಡುತ್ತೇವೆ, ಭಯಪಟ್ಟರೆ ಯಾವುದಕ್ಕೋ ಭಯಪಡುತ್ತೇವೆ, ನೆನೆದರೆ ಯಾರನ್ನೋ ನೆನೆಯುತ್ತೇವೆ. ಈ ಗುಣವನ್ನು ವಿಷಯಾಭಿಮುಖತೆ ಎನ್ನಬಹುದು. ಹುಸ್ಸರ್ಲ್‌ನ ಗುರು ಫ್ರಾಂಟ್ಸ್ ಬ್ರೆಂಟಾನೊ 1874ರಲ್ಲೇ ಇದನ್ನು ಮನಸ್ಸಿನ ಲಕ್ಷಣವೆಂದು ಎತ್ತಿ ಹೇಳಿದ್ದ. ಹುಸ್ಸರ್ಲ್ ಅದರೊಳಗೆ ಎರಡು ಎಳೆಗಳನ್ನು ಬಿಡಿಸಿದ. ಒಂದು, ಅಭಿಮುಖವಾಗುವ ಬಗೆ: ನಂಬುವುದು, ಸಂದೇಹಿಸುವುದು, ಬಯಸುವುದು. ಇನ್ನೊಂದು, ವಿಷಯ ಏನಾಗಿ ಗ್ರಹಿಕೆಗೆ ಬರುತ್ತದೆ ಎಂಬುದು. ಯೇನಾದಲ್ಲಿ ಗೆದ್ದವನು ಎಂದರೂ ವಾಟರ್ಲೂನಲ್ಲಿ ಸೋತವನು ಎಂದರೂ ಸೂಚಿಸುವುದು ನೆಪೋಲಿಯನ್ ಒಬ್ಬನನ್ನೇ. ಆದರೆ ಅವನು ಬೇರೆಬೇರೆ ರೂಪದಲ್ಲಿ ನಮ್ಮ ಮುಂದೆ ಬರುತ್ತಾನೆ. ಮೆಟ್ಟಿಲ ಬಳಿಯ ಪ್ರಸಂಗದಲ್ಲಿ ಎರಡು ಎಳೆಗಳೂ ಬೇರೆಬೇರೆಯಾಗಿ ಕಾಣುತ್ತವೆ. ಹೆಂಗಸೆಂಬ ಗ್ರಹಿಕೆ ಮೊದಲು ನಂಬಿಕೆಯ ಬಗೆಯಲ್ಲಿತ್ತು, ಆಮೇಲೆ ಸಂದೇಹದ ಬಗೆಗೆ ಜಾರಿತು, ಕೊನೆಗೆ ರದ್ದಾಯಿತು.

ಇಲ್ಲಿ ಒಂದು ತಪ್ಪು ಬಹಳ ಸುಲಭವಾಗಿ ನುಸುಳುತ್ತದೆ. ಹೆಂಗಸು ಹೊರಗೆ ಇರಲಿಲ್ಲ ಎಂದ ಮೇಲೆ ಅವಳು ಮನಸ್ಸಿನೊಳಗಿನ ಒಂದು ಚಿತ್ರವಾಗಿದ್ದಳು ಎನ್ನಬೇಕೆನಿಸುತ್ತದೆ. ಹುಸ್ಸರ್ಲ್ ಇದನ್ನು ಕಡ್ಡಿ ಮುರಿದಂತೆ ತಳ್ಳಿಹಾಕಿದ. ಒಂದು ವಸ್ತು ಚಿತ್ರವಾಗುವುದು ಅದನ್ನು ಇನ್ನೊಂದರ ಚಿತ್ರವೆಂದು ಯಾರೋ ಗ್ರಹಿಸಿದಾಗ. ಹಾಗಾದರೆ ಮನಸ್ಸಿನೊಳಗಿನ ಚಿತ್ರವನ್ನು ಮೊದಲು ಗ್ರಹಿಸಬೇಕು. ಆ ಗ್ರಹಿಕೆಗೂ ಒಂದು ಒಳಚಿತ್ರ ಬೇಕಾದರೆ ಈ ಸಾಲಿಗೆ ಕೊನೆಯೇ ಇರುವುದಿಲ್ಲ. ಮೇಣದ ಹೆಂಗಸು ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತಾಳೆ. ನಾವು ಮೋಸಹೋದ ಕ್ಷಣದಲ್ಲಿ ಪ್ರತಿಕೃತಿ ಎಂಬುದೇ ಇರಲಿಲ್ಲ, ಹೆಂಗಸನ್ನು ನೇರವಾಗಿ ಕಂಡೆವು. ಇದು ಹೆಂಗಸಿನ ಬೊಂಬೆ ಎಂಬ ತಿಳಿವು ಬಂದದ್ದು ಮೋಸ ಕಳೆದ ಮೇಲೆ. ಇಲ್ಲದ ವಸ್ತುವಿನ ಅರಿವೂ ಅರಿವೇ. ಆ ವಸ್ತುವಿಗೆ ಮನಸ್ಸಿನೊಳಗೆ ಮನೆ ಕಟ್ಟಿಕೊಡಬೇಕಾದ ಅಗತ್ಯವಿಲ್ಲ.

ವಿಧಾನ ಕೈತಪ್ಪಿದರೆ ಗೊತ್ತಾಗುವುದು ಹೇಗೆ? ನಮ್ಮದೇ ವಿವರಣೆಯ ವಾಕ್ಯಗಳನ್ನು ಗಮನಿಸಬೇಕು. ‘ಬೆಳಕು ಮಂದವಾಗಿತ್ತು, ಆದ್ದರಿಂದ ಹೆಂಗಸಿನಂತೆ ಕಂಡಿತು’ ಎಂದು ಬರೆದರೆ ಕಾರಣ ಹುಡುಕಲು ಲೋಕಕ್ಕೆ ಮರಳಿದ್ದೇವೆ. ‘ಅಲ್ಲಿದ್ದದ್ದು ಬೊಂಬೆ, ಆದ್ದರಿಂದ ನಾನು ಕಂಡದ್ದೂ ಬೊಂಬೆಯನ್ನೇ’ ಎಂದರೆ ಆಮೇಲೆ ತಿಳಿದ ಸಂಗತಿಯನ್ನು ಮೊದಲ ಕ್ಷಣಕ್ಕೆ ತುರುಕಿದ್ದೇವೆ. ‘ನನ್ನ ಮನಸ್ಸು ಆಗ ದಣಿದಿತ್ತು’ ಎಂಬ ವಾಕ್ಯವೂ ಇದೇ ಜಾತಿಯದು. ದಣಿಯುವ ನಾನು ಕೂಡ ಲೋಕದಲ್ಲಿರುವ ಒಬ್ಬ ವ್ಯಕ್ತಿ, ಅವನೂ ಆವರಣದೊಳಗೇ ಇರಬೇಕು. ಆದ್ದರಿಂದ ಇದು ಒಳಗಣ್ಣು ತೆರೆದು ಮನಸ್ಸನ್ನು ಇಣುಕುವ ಕೆಲಸವಲ್ಲ. ಏನು, ಏನಾಗಿ, ಯಾವ ಬಗೆಯಲ್ಲಿ ಕಂಡಿತು ಎಂಬುದನ್ನಷ್ಟೇ ಬರೆಯಬೇಕು.

ಈ ವಿಧಾನವನ್ನು ಎಲ್ಲರೂ ಒಪ್ಪಲಿಲ್ಲ. ‘ತಾರ್ಕಿಕ ಶೋಧನೆಗಳು’ ಓದಿ ಗಟಿಂಗೆನ್ನಿನಲ್ಲಿ ಹುಸ್ಸರ್ಲ್ ಬಳಿಗೆ ಬಂದ ಶಿಷ್ಯರಲ್ಲಿ ಹಲವರಿಗೆ 1913ರ ಈ ತಿರುವು ವಸ್ತುಗಳಿಂದ ದೂರ ಸರಿದಂತೆ ತೋರಿತು. ಫ್ರಾನ್ಸಿನ ಮೊರಿಸ್ ಮೆರ್ಲೊ-ಪಾಂಟಿ 1945ರಲ್ಲಿ, ಈ ಕೆಲಸವನ್ನು ಪೂರ್ತಿಯಾಗಿ ಮುಗಿಸಲು ಆಗದು ಎಂಬುದೇ ಇದರಿಂದ ಕಲಿಯುವ ಮುಖ್ಯ ಪಾಠ ಎಂದ. ಆವರಣ ಹಾಕುವವನು ದೇಹವಿರುವ, ಲೋಕದಲ್ಲಿ ಬದುಕುವ ಮನುಷ್ಯ. ಅವನು ತನ್ನ ಕಾಲಡಿಯ ನೆಲವನ್ನು ಪೂರ್ತಿ ಬಿಟ್ಟು ನಿಲ್ಲಲಾರ. ಈ ಆಕ್ಷೇಪದಲ್ಲಿ ಹುರುಳಿದೆ.

ಆದರೂ ಅಲ್ಪಸ್ವಲ್ಪ ಮಾಡಿದರೂ ಈ ಕೆಲಸ ಒಂದು ಖಚಿತ ಫಲ ಕೊಡುತ್ತದೆ. ಲೋಕ ಇದೆ ಎಂಬ ಒಪ್ಪಿಗೆಯನ್ನು ಬಳಸುವುದನ್ನು ನಿಲ್ಲಿಸಿದಾಗಲೇ ಆ ಒಪ್ಪಿಗೆಯನ್ನು ನೋಡಲು ಸಾಧ್ಯವಾಯಿತು. ಹೆಂಗಸು ಏಕೆ ರದ್ದಾದಳು? ಅವಳ ದಿಗಂತದಲ್ಲಿದ್ದ ನಿರೀಕ್ಷೆಗಳು ಈಡೇರಲಿಲ್ಲ. ಕೈ ಕೆಳಗಿಳಿಯಲಿಲ್ಲ, ಕಣ್ಣು ಮಿಟುಕಲಿಲ್ಲ. ಬೊಂಬೆ ಏಕೆ ನಿಂತಿತು? ಅದರ ನಿರೀಕ್ಷೆಗಳು ಒಂದಾದ ಮೇಲೊಂದು ಈಡೇರುತ್ತ ಹೋದವು. ಹಾಗಾದರೆ ಒಂದು ವಸ್ತು ನಿಜ ಎಂಬುದು ನಮ್ಮ ಅನುಭವದಲ್ಲಿ ಒಂದೇ ಏಟಿಗೆ ಬೀಳುವ ಮುದ್ರೆಯಲ್ಲ. ಮುಂದಿನ ನೋಟವೂ ಹಿಂದಿನದಕ್ಕೆ ಹೊಂದಿಕೊಳ್ಳುತ್ತದೆ ಎಂಬ ಭರವಸೆ ನಡೆನಡೆಯುತ್ತ ಪಡೆಯುವ ದೃಢೀಕರಣ ಅದು. ಅದು ಎಂದಿಗೂ ಪೂರ್ತಿಯಾಗುವುದಿಲ್ಲ, ಏಕೆಂದರೆ ಪ್ರತಿ ನೋಟಕ್ಕೂ ಇನ್ನೊಂದು ಕಾಣದ ಬದಿ ಇದ್ದೇ ಇರುತ್ತದೆ. ಬೊಂಬೆಯನ್ನು ಬೊಂಬೆಯೆಂದು ಒಪ್ಪಿಕೊಂಡದ್ದೂ, ಅದು ನಿಂತ ಮೆಟ್ಟಿಲನ್ನು ನಂಬಿ ಕಾಲಿಟ್ಟದ್ದೂ ಇದೇ ರೀತಿಯ, ಇನ್ನೂ ತಿದ್ದುಪಡಿಗೆ ತೆರೆದಿರುವ ಭರವಸೆಯ ಮೇಲೆ.