ನಿಮಗಿದು ಗೊತ್ತೇ? ಹತ್ತರ ತಲೆಯ ಮೇಲಿನ ಪುಟ್ಟ ಅಂಕಿ

ಬಜೆಟ್ ಸುದ್ದಿಯಲ್ಲಿ ‘ಲಕ್ಷ ಕೋಟಿ’ ಎಂಬ ಮಾತು ಕೇಳಿದಾಗಲೆಲ್ಲ ನೀವೊಂದು ಘಾತಾಂಕದ ಲೆಕ್ಕವನ್ನು ಕೇಳಿಸಿಕೊಂಡಿರುತ್ತೀರಿ, ಗೊತ್ತೇ? ಲಕ್ಷಕ್ಕೆ ಐದು ಸೊನ್ನೆ, ಅಂದರೆ 10⁵. ಕೋಟಿಗೆ ಏಳು ಸೊನ್ನೆ, ಅದು 10⁷. ಲಕ್ಷ ಕೋಟಿ ಎಂದರೆ ಇವೆರಡರ ಗುಣಲಬ್ಧ. ಅದರಲ್ಲಿರುವುದು ಹನ್ನೆರಡು ಸೊನ್ನೆ, 10¹². ಹತ್ತುಗಳನ್ನು ಗುಣಿಸಿದೆವು, ಅವುಗಳ ತಲೆಯ ಮೇಲಿನ ಅಂಕಿಗಳನ್ನು ಮಾತ್ರ ಕೂಡಿದೆವು. ಐದನ್ನೂ ಏಳನ್ನೂ ಗುಣಿಸಿ 10³⁵ ಎಂದು ಬರೆಯುವ ಮಕ್ಕಳಿಗೆ ಈ ಸೊನ್ನೆಗಳನ್ನು ಎಣಿಸಲು ಹೇಳಿ, ತಪ್ಪು ಅವರಿಗೇ ಕಾಣುತ್ತದೆ.

ಈ ನಿಯಮವನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಹೇಳಿದ್ದ. ವಿಶ್ವವನ್ನೆಲ್ಲ ತುಂಬಲು ಎಷ್ಟು ಮರಳಿನ ಕಣ ಬೇಕು ಎಂದು ಲೆಕ್ಕ ಹಾಕುವಾಗ ಅವನಿಗೆ ಇದು ಬೇಕಾಯಿತು. ಒಂದರಿಂದ ಹೊರಟು ಹತ್ತು, ನೂರು, ಸಾವಿರ ಎಂದು ಮೆಟ್ಟಿಲು ಹತ್ತುತ್ತಾ ಹೋಗಿ. ಆ ಸಾಲಿನ ಎರಡು ಸಂಖ್ಯೆಗಳನ್ನು ಗುಣಿಸಿದರೆ, ಚಿಕ್ಕದು ಒಂದರಿಂದ ಎಷ್ಟು ಮೆಟ್ಟಿಲು ಮೇಲಿದೆಯೋ, ಉತ್ತರ ದೊಡ್ಡದರಿಂದ ಅಷ್ಟೇ ಮೆಟ್ಟಿಲು ಮೇಲಿರುತ್ತದೆ. ಮರಳಿನ ಕಣಗಳಿಗೆ ಅವನು ಹಾಕಿದ ಮಿತಿ, ನಮ್ಮ ಬರವಣಿಗೆಯಲ್ಲಿ, 10⁶³.

ಬೆಳಕು ಒಂದು ದಿನದಲ್ಲಿ ಎಷ್ಟು ದೂರ ಹೋಗುತ್ತದೆ? ಅದರ ವೇಗ ಸೆಕೆಂಡಿಗೆ ಸುಮಾರು 3 × 10⁸ ಮೀಟರ್. ದಿನಕ್ಕೆ 8.64 × 10⁴ ಸೆಕೆಂಡು. ಮುಂದಿನ ಅಂಕಿಗಳನ್ನು ಗುಣಿಸಿದರೆ 25.92, ಘಾತಾಂಕಗಳನ್ನು ಕೂಡಿದರೆ 12. ಉತ್ತರ 25.92 × 10¹². ಇದು ತಪ್ಪಲ್ಲ, ಆದರೆ ವೈಜ್ಞಾನಿಕ ರೂಪವೂ ಅಲ್ಲ. ಆ ರೂಪದಲ್ಲಿ ಮುಂದಿನ ಅಂಕಿ ಒಂದಕ್ಕಿಂತ ಕಡಿಮೆ ಇರಬಾರದು, ಹತ್ತನ್ನು ಮುಟ್ಟಬಾರದು. 25.92ರಲ್ಲಿ ಹೆಚ್ಚಾಗಿರುವ ಒಂದು ಹತ್ತನ್ನು ತೆಗೆದು ಪಕ್ಕದವನಿಗೆ ಕೊಟ್ಟರೆ 2.592 × 10¹³ ಮೀಟರ್.

ಭಾಗಾಕಾರದಲ್ಲಿ ಕೊಡುಕೊಳ್ಳುವಿಕೆ ತಿರುಗುಮುರುಗು. ನಮ್ಮ ಆದಿತ್ಯ-ಎಲ್1 ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅಲ್ಲಿಂದ ಹೊರಟ ರೇಡಿಯೋ ಸಂಕೇತ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ದೊಡ್ಡ ಆಂಟೆನಾ ಮುಟ್ಟಲು ಎಷ್ಟು ಹೊತ್ತು ಬೇಕು? ದೂರವನ್ನು ಮೊದಲು ಮೀಟರಿಗೆ ತನ್ನಿ: 1.5 × 10⁹. ಅದನ್ನು 3 × 10⁸ರಿಂದ ಭಾಗಿಸಬೇಕು. 1.5 ÷ 3 = 0.5. ಘಾತಾಂಕಗಳಲ್ಲಿ 9 − 8 = 1. ಸಿಕ್ಕಿದ್ದು 0.5 × 10¹. ಈಗ ಮುಂದಿನ ಅಂಕಿಯೇ ಬಡವ. ಘಾತಾಂಕದಿಂದ ಒಂದು ಹತ್ತನ್ನು ಪಡೆದು ಅದು 5 ಆಗುತ್ತದೆ, ಕೊಟ್ಟ ಘಾತಾಂಕ ಸೊನ್ನೆಗೆ ಇಳಿಯುತ್ತದೆ: 5 × 10⁰.

10⁰ ಎಂದರೆ ಸೊನ್ನೆ ಎಂದುಕೊಂಡು ಇಲ್ಲಿ ಗಾಬರಿಯಾಗುವವರು ಬಹಳ. ಅದು ಒಂದು. ಆರ್ಕಿಮಿಡೀಸನ ಮೆಟ್ಟಿಲುಗಳ ನೆಲ ಅದು, ಇನ್ನೂ ಒಂದು ಮೆಟ್ಟಿಲನ್ನೂ ಹತ್ತಿಲ್ಲ ಅಷ್ಟೆ. ಹಾಗಾಗಿ ಉತ್ತರ 5 ಸೆಕೆಂಡು. ಸರಿಯೇ ಎಂದು ನೋಡಲು ಹಿಂದಕ್ಕೆ ಗುಣಿಸಿ: 5 × 3 × 10⁸ = 15 × 10⁸ = 1.5 × 10⁹. ಹೊರಟ ದೂರಕ್ಕೇ ಬಂದು ತಲುಪಿದೆವು.

ಇದೇ ಲೆಕ್ಕವನ್ನು ಕ್ಯಾಲ್ಕುಲೇಟರಿಗೆ ಕೊಟ್ಟರೆ ಆ ಸಂಕೇತ ಬರಲು ಸುಮಾರು 158 ಕೋಟಿ ವರ್ಷ ಬೇಕೆಂದು ಅದು ಹೇಳಬಹುದು, ಗೊತ್ತೇ? ಯಂತ್ರ ಕೆಟ್ಟಿರುವುದಿಲ್ಲ. ಒತ್ತಿದ ಕೀಲಿಗಳನ್ನು ನೋಡಿ:

```
1.5 × 10^9 ÷ 3 × 10^8
```

ಕ್ಯಾಲ್ಕುಲೇಟರು ಗುಣಾಕಾರ ಭಾಗಾಕಾರಗಳನ್ನು ಎಡದಿಂದ ಬಲಕ್ಕೆ ಮಾಡುತ್ತಾ ಹೋಗುತ್ತದೆ. ಮೂರರಿಂದ ಭಾಗಿಸಿತು, ಆಮೇಲೆ 10⁸ರಿಂದ ಗುಣಿಸಿತು. ನಾವು ಕಳೆಯಬೇಕೆಂದಿದ್ದ ಎಂಟನ್ನು ಅದು ಕೂಡಿತು. ಬಂದ ಉತ್ತರ 5 × 10¹⁶ ಸೆಕೆಂಡು. ಭಾಗಿಸುವ ಸಂಖ್ಯೆಗೆ ಆವರಣ ಹಾಕಿದರೆ ಸಾಕು:

```
1.5 × 10^9 ÷ (3 × 10^8)
```

EXP ಅಥವಾ ×10ˣ ಎಂಬ ಕೀಲಿ ಇದ್ದರೆ ಅದನ್ನೇ ಬಳಸುವುದು ಇನ್ನೂ ಒಳ್ಳೆಯದು. ಆಗ ಯಂತ್ರ 3 × 10⁸ನ್ನು ಒಡೆಯದೆ ಒಂದೇ ಸಂಖ್ಯೆಯಾಗಿ ಹಿಡಿಯುತ್ತದೆ. ಆದರೆ ಆ ಕೀಲಿಯಲ್ಲಿ ‘ಹತ್ತು’ ಆಗಲೇ ಅಡಗಿದೆ. 10⁸ ಬೇಕೆಂದು 10 ಒತ್ತಿ, EXP ಒತ್ತಿ, 8 ಒತ್ತಿದರೆ ಸಿಗುವುದು 10⁹. ಅಲ್ಲಿ ಒತ್ತಬೇಕಾದದ್ದು 1, EXP, 8.

ಹತ್ತರ ಈ ಮೆಟ್ಟಿಲುಗಳಿಗೆ ಹೆಸರಿಟ್ಟವರು ನಮ್ಮಲ್ಲೂ ಇದ್ದರು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮೊದಲನೆಯದು ಏಕ, ಕೊನೆಯದು ಮಹಾಕ್ಷೋಭ. ಏಕ ಎಂಬುದೇ 10⁰ ಆದ್ದರಿಂದ ಇಪ್ಪತ್ತನಾಲ್ಕನೆಯ ಸ್ಥಾನ 10²³. ರಸಾಯನಶಾಸ್ತ್ರ ಓದಿದವರಿಗೆ ಈ ಘಾತಾಂಕ ಚಿರಪರಿಚಿತ. 18 ಗ್ರಾಂ ನೀರಿನಲ್ಲಿರುವ ಅಣುಗಳ ಸಂಖ್ಯೆ ಸುಮಾರು 6.022 × 10²³, ಅದೇ ಅವೊಗಾಡ್ರೋ ಸಂಖ್ಯೆ. ಅದನ್ನು ‘ಆರು ಮಹಾಕ್ಷೋಭ’ ಎಂದು ಹೇಳಲು ನಮ್ಮ ನೆಲದ ಗಣಿತಜ್ಞರ ಬಳಿ ಹೆಸರು ಸಿದ್ಧವಾಗಿತ್ತು. ನನಗಂತೂ ಇದನ್ನು ಎಷ್ಟು ಸಲ ನೆನೆದರೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ಒಂದು ನೀರಿನ ಅಣುವಿನ ತೂಕ ಎಷ್ಟು? 1.8 × 10¹ನ್ನು 6.022 × 10²³ರಿಂದ ಭಾಗಿಸಿ. ಮುಂದೆ 0.299, ಘಾತಾಂಕ 1 − 23 = −22. ಈಗ 0.299ನ್ನು 2.99 ಮಾಡಬೇಕು. ಘಾತಾಂಕ −21 ಆಗುತ್ತದೋ −23 ಆಗುತ್ತದೋ? ತರಗತಿಯಲ್ಲಿ ಅತಿ ಹೆಚ್ಚು ಅಂಕ ಕಳೆದುಹೋಗುವ ಜಾಗ ಇದೇ ಎಂದು ನನ್ನ ಅನಿಸಿಕೆ. ಮುಂದಿನ ಅಂಕಿ ಹತ್ತು ಪಟ್ಟು ಬೆಳೆಯಿತು, ಒಟ್ಟು ಬೆಲೆ ಬದಲಾಗಬಾರದು, ಆದ್ದರಿಂದ ಘಾತಾಂಕ ಒಂದು ಮೆಟ್ಟಿಲು ಇಳಿಯಲೇಬೇಕು. −22ರಿಂದ ಕೆಳಗಿನ ಮೆಟ್ಟಿಲು −23. ನೋಡಲು ಇಪ್ಪತ್ತಮೂರು ದೊಡ್ಡ ಅಂಕಿಯಂತೆ ಕಂಡರೂ ಅದು ಇಳಿತವೇ. ಉತ್ತರ 2.99 × 10⁻²³ ಗ್ರಾಂ.

ಸಂಖ್ಯೆಗಳನ್ನೇ ಕೂಡುವಾಗ ಮತ್ತು ಕಳೆಯುವಾಗ ಘಾತಾಂಕಗಳನ್ನು ಕೂಡುವ, ಕಳೆಯುವ ಈ ನಿಯಮ ನಡೆಯುವುದಿಲ್ಲ. 10⁵ಕ್ಕೆ 10⁷ನ್ನು ಕೂಡಿದರೆ ಒಂದು ಕೋಟಿ ಒಂದು ಲಕ್ಷ ಮಾತ್ರ, ಲಕ್ಷ ಕೋಟಿ ಅಲ್ಲ.

ಭಾಗಾಕಾರದಲ್ಲಿ ಎರಡೂ ಘಾತಾಂಕ ಋಣವಾಗಿದ್ದರೆ? ಪ್ರೋಟಾನಿನ ರಾಶಿ 1.6726 × 10⁻²⁷ ಕಿಲೋಗ್ರಾಂ, ಎಲೆಕ್ಟ್ರಾನಿನದು 9.1094 × 10⁻³¹. ಪ್ರೋಟಾನ್ ಎಷ್ಟು ಪಟ್ಟು ಭಾರ ಎಂದು ತಿಳಿಯಲು ಭಾಗಿಸಬೇಕು. ಆತುರದಲ್ಲಿ 27ಕ್ಕೆ 31 ಸೇರಿಸಿ 10⁻⁵⁸ ಎಂದು ಬರೆದರೆ, ಭಾರವಾದ ಕಣ ಹಗುರವಾದದ್ದಕ್ಕಿಂತ ಹಗುರ ಎಂದಂತಾಗುತ್ತದೆ. ಅದೇ ತಪ್ಪಿನ ಗುರುತು. ಕಳೆಯಬೇಕಾದದ್ದು ಋಣ 31ನ್ನು: −27 − (−31) = 4. ಋಣ 31ನೇ ಮೆಟ್ಟಿಲಲ್ಲಿ ನಿಂತವರು ಋಣ 27ಕ್ಕೆ ಬರಲು ನಾಲ್ಕು ಮೆಟ್ಟಿಲು ಹತ್ತಬೇಕಲ್ಲವೇ, ಆ ನಾಲ್ಕೇ ಇದು. ಮುಂದಿನ ಅಂಕಿಗಳ ಭಾಗಲಬ್ಧ 0.1836. ಒಟ್ಟು 0.1836 × 10⁴, ಸರಿಪಡಿಸಿದರೆ 1.836 × 10³. ಒಂದು ಪ್ರೋಟಾನು ತೂಗುವಷ್ಟು ತೂಗಲು ಸುಮಾರು 1836 ಎಲೆಕ್ಟ್ರಾನುಗಳು ಬೇಕು.